ಸಹಾಯ ಬೇಕು: ಈ ಫೋಟೋಗಳಲ್ಲಿರುವುದು ನಿಜವಾದ ಮನುಷ್ಯನಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಮದುವೆ ಆ್ಯಪ್‌ನಲ್ಲಿ ಒಬ್ಬ ಹುಡುಗನ ಪರಿಚಯವಾಗಿದೆ. ಎರಡು ತಿಂಗಳಿಂದ ದಿನಾ ಮೆಸೇಜ್ ಮಾಡುತ್ತಾನೆ. ವಿಡಿಯೊ ಕಾಲ್ ಅಂದರೆ ಮಾತ್ರ ಕ್ಯಾಮೆರಾ ಕೆಟ್ಟಿದೆ ಅನ್ನುತ್ತಾನೆ. ಕಳಿಸಿರುವುದು ನಾಲ್ಕೇ ಫೋಟೋ.

ಮೊದಲು ನಾಲ್ಕನ್ನೂ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿದೆ. ಎಲ್ಲೂ ಸಿಗಲಿಲ್ಲ. ಬೇರೆಯವರ ಫೋಟೋ ಕದ್ದಿಲ್ಲ ಅಂತ ಸಮಾಧಾನವಾಯಿತು. ಆಮೇಲೆ ಹೊಳೆಯಿತು, ಕಂಪ್ಯೂಟರ್ ಹೊಸದಾಗಿ ಹುಟ್ಟಿಸಿದ ಮುಖವಾದರೂ ಎಲ್ಲೂ ಸಿಗುವುದಿಲ್ಲ ಅಲ್ವಾ?

ಹಾಗಾಗಿ ಜೂಮ್ ಮಾಡಿ ನೋಡುತ್ತಾ ಕೂತೆ. ಒಂದರಲ್ಲಿ ಮಚ್ಚೆ ಎಡಗೆನ್ನೆಯಲ್ಲಿದೆ, ಇನ್ನೊಂದರಲ್ಲಿ ಬಲಗೆನ್ನೆಯಲ್ಲಿ. ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೆ ತಿರುಗಿಸುತ್ತದೆ, ಸರಿ. ಆದರೆ ಹಾಗೆ ತಿರುಗಿದ್ದರೆ ಶರ್ಟಿನ ಜೇಬೂ ಆ ಕಡೆಗೆ ಹೋಗಬೇಕಿತ್ತು. ಎರಡರಲ್ಲೂ ಜೇಬು ಒಂದೇ ಕಡೆ ಇದೆ! ಹಿಂದಿನ ಅಂಗಡಿ ಬೋರ್ಡು ದೂರದಿಂದ ಕನ್ನಡದಂತೆ ಕಾಣುತ್ತದೆ, ಹತ್ತಿರದಿಂದ ಒಂದಕ್ಷರವೂ ಓದಲಾಗುವುದಿಲ್ಲ. ಕನ್ನಡಕದ ಒಂದು ಕಡ್ಡಿ ಕಿವಿಗೆ ಮುಟ್ಟುವ ಮೊದಲೇ ಚರ್ಮದಲ್ಲಿ ಕರಗಿಹೋಗಿದೆ.

ಗೊಂದಲ ಇಲ್ಲೇ. ತಂಗಿ ಹೇಳುತ್ತಾಳೆ, ಬ್ಯೂಟಿ ಫಿಲ್ಟರ್ ಹಾಕಿದರೂ ಹೀಗೆಲ್ಲ ಆಗುತ್ತದೆ ಅಂತ. ಚರ್ಮ ನುಣುಪಾಗುವುದು, ಅಕ್ಷರ ಕಲಸಿಹೋಗುವುದು ಫಿಲ್ಟರ್‌ನಿಂದ ಅಂದರೆ ಒಪ್ಪುತ್ತೇನೆ. ಮಚ್ಚೆ ಕೆನ್ನೆ ಬದಲಿಸುವುದೂ ಫಿಲ್ಟರ್‌ನಿಂದಲೇ? ಸುಮ್ನೆ ಅನುಮಾನಪಟ್ಟು ಒಳ್ಳೆಯ ಸಂಬಂಧ ಕೆಡಿಸಲು ನನಗೂ ಇಷ್ಟವಿಲ್ಲ.

ಫೋಟೋ ಎಡಿಟಿಂಗ್ ಗೊತ್ತಿರುವವರು ದಯವಿಟ್ಟು ಹೇಳಿ: ಜೇಬು ಅಲ್ಲೇ ಇದ್ದು ಮಚ್ಚೆ ಮಾತ್ರ ಕಡೆ ಬದಲಿಸುವುದು ಸಾಮಾನ್ಯ ಫೋನ್ ಫಿಲ್ಟರ್‌ನಿಂದ ಸಾಧ್ಯವೇ?