ಪದಚರ್ಚೆ: ‘ತಪ್ಪೊಪ್ಪಿಗೆ’, ‘ಪಶ್ಚಾತ್ತಾಪ’, ‘ಕೃಪೆ’ – ಮೂರು ಧರ್ಮಕ್ಕೂ ಇವೇ ಪದ ಸಾಕೇ?

ಶ್ರುತಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆಂದು ಒಂದು ಸಣ್ಣ ಪುಸ್ತಕ ಅನುವಾದ ಮಾಡುತ್ತಿದ್ದೇನೆ. ಒಂದೇ ಕಥೆ ಅದರಲ್ಲಿ ಮೂರು ಸಲ ಬರುತ್ತದೆ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ಗಲ್ಲಾಪೆಟ್ಟಿಗೆಯಿಂದ 500 ರೂಪಾಯಿ ಕದಿಯುತ್ತಾನೆ. ಆಮೇಲೆ ಅವನಿಗೆ ಮನಸ್ಸು ಚುಚ್ಚುತ್ತದೆ. ಹುಡುಗ ಒಮ್ಮೆ ಕ್ಯಾಥೊಲಿಕ್, ಒಮ್ಮೆ ಮುಸ್ಲಿಂ, ಒಮ್ಮೆ ಹಿಂದೂ. ಮೂರು ಕಡೆಯೂ ನಾನು ಬರೆದಿರುವ ವಾಕ್ಯ ಒಂದೇ: “ಅವನು ತಪ್ಪೊಪ್ಪಿಕೊಂಡ, ಪಶ್ಚಾತ್ತಾಪಪಟ್ಟ, ದೇವರ ಕೃಪೆಯಿಂದ ಕ್ಷಮೆ ಪಡೆದ.” ಕ್ಯಾಥೊಲಿಕ್ ಹುಡುಗನಿಗೆ ಇದು ಹೊಂದುತ್ತದೆ. ಉಳಿದ ಇಬ್ಬರಿಗೆ ಹೊಂದುತ್ತದೆಯೇ ಎಂಬ ಅನುಮಾನ ಕಾಡುತ್ತಿದೆ. ಬೇರೆ ಪದ ಹಾಕಬೇಕೇ?

ಬಸವರಾಜ, ಧಾರವಾಡ

ಮೇಡಂ, ನಾನು ಕೋರ್ಟಿನ ದಾಖಲೆಗಳನ್ನು ಅನುವಾದ ಮಾಡುವವನು. ‘ತಪ್ಪೊಪ್ಪಿಗೆ ಹೇಳಿಕೆ’ ನಮ್ಮಲ್ಲಿ ದಿನಾ ಬರುವ ಪದ. ಪೊಲೀಸರ ಮುಂದೆ ಹೇಳಿದ್ದು ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆಯೇ ಹೇಳಬೇಕು. ಹುಡುಗ ಯಾರ ಮುಂದೆ ಹೇಳಿದ ಅನ್ನುವುದನ್ನು ನೋಡಿ ಪದ ಹಾಕಿ. ಕಳ್ಳತನದ ಕೇಸು ಅಂದಮೇಲೆ ಅದು ಮುಖ್ಯ ಅಲ್ವಾ?

ರೋನಿ, ಮಂಗಳೂರು

ಬಸವರಾಜ ಸರ್, ಇಲ್ಲಿ ಕೇಸಿನ ಮಾತಿಲ್ಲ, ಪಾಪದ ಮಾತು. ಆದರೆ ‘ಯಾರ ಮುಂದೆ’ ಎಂಬ ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ.

ಕೊಂಕಣಿಯಲ್ಲಿ ನಾವು ಕುಮ್ಸಾರ್ ಅನ್ನುತ್ತೇವೆ. ಕನ್ನಡ ಚರ್ಚುಗಳಲ್ಲಿ ಪಾಪನಿವೇದನೆ. ಹುಡುಗ ಮೊದಲು ತನ್ನ ಮನಸ್ಸನ್ನು ತಾನೇ ಕೆದಕಿ ನೋಡಬೇಕು. ಮಾಡಿದ್ದಕ್ಕೆ ದುಃಖಪಡಬೇಕು. ಆಮೇಲೆ ಪಾದ್ರಿಯ ಮುಂದೆ ಬಾಯಿಬಿಟ್ಟು ಹೇಳಬೇಕು. ದೊಡ್ಡ ಪಾಪಗಳಾದರೆ ಯಾವ ಪಾಪ, ಎಷ್ಟು ಸಲ ಎಂದೂ ಹೇಳಬೇಕು. ಪಾದ್ರಿ ಪಾಪವಿಮೋಚನೆಯ ಮಾತು ಹೇಳುತ್ತಾರೆ. ಮಾಡಬೇಕಾದ ಪ್ರಾರ್ಥನೆಯನ್ನೋ ಒಳ್ಳೆಯ ಕೆಲಸವನ್ನೋ ಸೂಚಿಸುತ್ತಾರೆ. ಕೇಳಿದ್ದನ್ನು ಅವರು ಯಾರಿಗೂ ಹೇಳುವಂತಿಲ್ಲ. ಪೊಲೀಸರಿಗೂ ಇಲ್ಲ, ಅಂಗಡಿ ಮಾಲೀಕನಿಗೂ ಇಲ್ಲ.

ನಿಮ್ಮ ವಾಕ್ಯದಲ್ಲಿ 500 ರೂಪಾಯಿ ಏನಾಯಿತು ಅನ್ನುವುದೇ ಇಲ್ಲ. ಹಣ ವಾಪಸ್ ಕೊಡುವ ಮನಸ್ಸೇ ಇಲ್ಲದವನ ದುಃಖವನ್ನು ಪಾದ್ರಿ ನಿಜವಾದ ದುಃಖ ಎಂದು ಒಪ್ಪುವುದಿಲ್ಲ, ವಿಮೋಚನೆ ಕೊಡದೆಯೂ ಇರಬಹುದು. ಹಾಗಂತ ಮಾಲೀಕನ ಎದುರು ನಿಂತು “ನಾನೇ ಕದ್ದೆ” ಅನ್ನಲೇಬೇಕು ಎಂದಿಲ್ಲ. ಗುಟ್ಟಾಗಿ ಮುಟ್ಟಿಸಿದರೂ ಆಗುತ್ತದೆ.

ಗಿರೀಶ್, ಬೆಂಗಳೂರು

ಇದು ತೀರಾ ಸುಲಭ ಅನ್ನಿಸುತ್ತದೆ. ಕ್ರೈಸ್ತರಲ್ಲಿ ಪಾದ್ರಿಗೆ ಹೇಳುತ್ತಾರೆ. ಇಸ್ಲಾಮಿನಲ್ಲಿ ಮಧ್ಯೆ ಯಾರೂ ಇಲ್ಲ, ನೇರ ಅಲ್ಲಾಹನಲ್ಲಿ ಕ್ಷಮೆ ಕೇಳಿದರೆ ಮುಗಿಯಿತು. ಹಿಂದೂಗಳಲ್ಲಿ ಹೇಳಿಕೊಳ್ಳುವ ಪದ್ಧತಿಯೇ ಇಲ್ಲ, ವ್ರತವೋ ತೀರ್ಥಸ್ನಾನವೋ ಮಾಡಿ ಕರ್ಮ ಕಳೆದುಕೊಳ್ಳುತ್ತಾರೆ. ಹಾಗಾಗಿ ಪಾಪನಿವೇದನೆ, ತೌಬಾ, ಪ್ರಾಯಶ್ಚಿತ್ತ. ಒಬ್ಬೊಬ್ಬರಿಗೆ ಒಂದೊಂದು ಪದ ಹಾಕಿಬಿಡಿ.

ರುಕ್ಸಾನಾ, ಭಟ್ಕಳ

ಗಿರೀಶ್ ಅವರೇ, ‘ಮಧ್ಯೆ ಯಾರೂ ಇಲ್ಲ’ ಎನ್ನುವುದು ಸರಿ. ‘ಕೇಳಿದರೆ ಮುಗಿಯಿತು’ ಎನ್ನುವುದು ಸರಿಯಲ್ಲ. ಬಾಯಲ್ಲಿ ಕ್ಷಮೆ ಕೇಳುವುದು ಇಸ್ತಿಗ್ಫಾರ್. ತೌಬಾ ಅದಕ್ಕಿಂತ ದೊಡ್ಡದು, ಅದರ ಮೂಲ ಅರ್ಥವೇ ಹಿಂದಿರುಗುವುದು. 13ನೇ ಶತಮಾನದ ಇಮಾಮ್ ನವವಿ ಇದರ ಷರತ್ತುಗಳನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಆ ಪಾಪವನ್ನು ಬಿಡಬೇಕು, ಮಾಡಿದ್ದಕ್ಕೆ ನೊಂದುಕೊಳ್ಳಬೇಕು, ಇನ್ನೆಂದೂ ಮಾಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಬೇಕು. ಪಾಪದಿಂದ ಇನ್ನೊಬ್ಬರ ಹಕ್ಕಿಗೆ ಪೆಟ್ಟು ಬಿದ್ದಿದ್ದರೆ ನಾಲ್ಕನೆಯದೂ ಸೇರುತ್ತದೆ: ಅವರದನ್ನು ಅವರಿಗೆ ಕೊಡಬೇಕು, ಇಲ್ಲವೇ ಅವರಿಂದ ಮಾಫಿ ಪಡೆಯಬೇಕು. ನಮ್ಮ ಹುಡುಗ ರಾತ್ರಿಯಿಡೀ ಅತ್ತರೂ ಆ 500 ರೂಪಾಯಿ ಜೇಬಿನಲ್ಲೇ ಇದ್ದರೆ ತೌಬಾ ಪೂರ್ತಿಯಾಗುವುದಿಲ್ಲ. ಮಾಲೀಕ ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು.

ಇನ್ನೊಂದು ವಿಷಯ ಶ್ರುತಿಯವರಿಗೆ. ‘ತಪ್ಪೊಪ್ಪಿಕೊಂಡ’ ಎಂಬ ಪದ ಮುಸ್ಲಿಂ ಹುಡುಗನ ಕಥೆಯಲ್ಲಿ ಸುಮ್ನೆ ಬಂದರೆ ಓದುವವರಿಗೆ ದಾರಿ ತಪ್ಪುತ್ತದೆ. ಅಲ್ಲಾಹ್ ಮುಚ್ಚಿಟ್ಟ ಪಾಪವನ್ನು ತಾನೇ ನಾಲ್ಕು ಜನರ ಮುಂದೆ ಬಿಚ್ಚಿಡಬಾರದು ಎಂಬ ಬೋಧನೆ ಹದೀಸಿನಲ್ಲಿದೆ. ಹಣ ಹೇಗಾದರೂ ಮುಟ್ಟಿದರೆ ಸಾಕು, ಹೆಸರು ಹೇಳಬೇಕೆಂದಿಲ್ಲ. ಚಾಡಿ ಹೇಳಿ ಒಬ್ಬರ ಮಾನ ಕಳೆದಿದ್ದರೆ ಅವರ ಬಳಿ ಹೋಗಿ ಹೇಳಲೇಬೇಕೇ ಎಂಬ ಬಗ್ಗೆ ಮಾತ್ರ ಉಲಮಾಗಳಲ್ಲಿ ಒಮ್ಮತವಿಲ್ಲ. ಹೇಳಿದರೆ ಜಗಳ ಜಾಸ್ತಿಯಾಗಬಹುದು ಎನ್ನುವವರಿದ್ದಾರೆ.

ವೆಂಕಟೇಶ, ಉಡುಪಿ

ಹಿಂದೂಗಳಲ್ಲಿ ಹೇಳಿಕೊಳ್ಳುವ ಪದ್ಧತಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನುಸ್ಮೃತಿಯ 11ನೇ ಅಧ್ಯಾಯದ ಹೆಚ್ಚಿನ ಭಾಗ ಪ್ರಾಯಶ್ಚಿತ್ತದ ವಿಷಯಕ್ಕೇ ಮೀಸಲು. ಪಾಪದಿಂದ ಬಿಡುಗಡೆಗೆ ದಾರಿಗಳನ್ನು ಹೇಳುವಾಗ ಅಲ್ಲಿ ಮೊದಲು ಬರುವುದೇ ‘ಖ್ಯಾಪನ’, ಅಂದರೆ ಮಾಡಿದ್ದನ್ನು ಹೊರಗೆ ಹೇಳುವುದು. ಆಮೇಲೆ ಅನುತಾಪ, ತಪಸ್ಸು, ಅಧ್ಯಯನ. ಸ್ವಲ್ಪ ಮುಂದೆ, “ಇನ್ನು ಹೀಗೆ ಮಾಡೆನು” ಎಂದು ಪಾಪದಿಂದ ಹಿಂದೆ ಸರಿದವನು ಶುದ್ಧನಾಗುತ್ತಾನೆ ಎಂಬ ಮಾತಿದೆ. ರುಕ್ಸಾನಾ ಅವರು ಹೇಳಿದ ಮೂರನೇ ಷರತ್ತಿಗೆ ಇದು ಎಷ್ಟು ಹತ್ತಿರ ನೋಡಿ.

ಹುಡುಗನ ಕಥೆಗೆ ನೇರವಾಗಿ ಹೊಂದುವ ಮಾತೂ ಅಲ್ಲೇ ಇದೆ. ಬೇರೆಯವರ ಮನೆಯಿಂದ ಕಡಿಮೆ ಬೆಲೆಯ ವಸ್ತು ಕದ್ದವನು ಮೊದಲು ಅದನ್ನು ಹಿಂದಿರುಗಿಸಬೇಕು, ಆಮೇಲೆ ಸಾಂತಪನ ಕೃಚ್ಛ್ರ ಮಾಡಬೇಕು. ಒಂದು ದಿನ ಪಂಚಗವ್ಯ ಮತ್ತು ದರ್ಭೆಯ ನೀರು ಮಾತ್ರ, ಇನ್ನೊಂದು ದಿನ ಉಪವಾಸ.

ಆದರೆ ಒಂದು ವ್ಯತ್ಯಾಸ ಬಿಡಬಾರದು. ಪ್ರಾಯಶ್ಚಿತ್ತ ಮಾಡುವುದರಿಂದಲೇ ಪಾಪ ಸವೆಯುತ್ತದೆ ಎಂಬುದು ಧರ್ಮಶಾಸ್ತ್ರದ ಎಣಿಕೆ. ಅಲ್ಲಿ ‘ಕ್ಷಮಿಸಿದ್ದೇನೆ’ ಎಂದು ಯಾರೂ ಹೇಳಬೇಕಾಗಿಲ್ಲ. ವಿದ್ವಾಂಸರ ಪರಿಷತ್ತು ಯಾವ ವ್ರತ ಎಂದು ಗೊತ್ತುಮಾಡುತ್ತದೆ, ಕ್ಷಮಿಸುವುದಿಲ್ಲ. ರೋನಿಯವರ ಚರ್ಚಿನಲ್ಲಿ ವಿಮೋಚನೆ ಮೊದಲು ಸಿಗುತ್ತದೆ, ಪಾದ್ರಿ ಹೇಳಿದ ಪ್ರಾರ್ಥನೆ ಆಮೇಲೆ. ಎರಡಕ್ಕೂ ‘ಪ್ರಾಯಶ್ಚಿತ್ತ’ ಎಂದೇ ಬರೆದರೆ ಈ ಹಿಂದುಮುಂದು ಕಾಣಿಸುವುದೇ ಇಲ್ಲ.

ಗಿರೀಶ್

ಒಪ್ಪಿದೆ ವೆಂಕಟೇಶ್ ಸರ್. ಆದರೆ ಇವತ್ತು ಯಾರು ಸಾಂತಪನ ಮಾಡುತ್ತಾರೆ? ನಮ್ಮಮ್ಮ ದೇವರಿಗೆ ತಪ್ಪುಕಾಣಿಕೆ ಹಾಕುತ್ತಾರೆ, ಅಷ್ಟೆ.

ವೆಂಕಟೇಶ

ನಿಜ. ಆದರೆ ಸಂಧ್ಯಾವಂದನೆ ಮಾಡುವವರು ಈಗಲೂ ಬೆಳಿಗ್ಗೆ ನೀರು ಕುಡಿಯುವಾಗ, ರಾತ್ರಿ ಮನಸ್ಸಿನಿಂದ, ಮಾತಿನಿಂದ, ಕೈಯಿಂದ ಮಾಡಿದ ಪಾಪವನ್ನು ಕಳೆ ಎಂದು ಹೇಳುತ್ತಾರೆ. ಇನ್ನು ತಪ್ಪುಕಾಣಿಕೆಯಲ್ಲಿ ಕೇಳುವ ದೇವರಿದ್ದಾನೆ. ಅದು ಭಕ್ತಿಯ ದಾರಿ. ಗೀತೆಯ ಕೊನೆಯಲ್ಲಿ ಕೃಷ್ಣ “ನನ್ನೊಬ್ಬನಿಗೇ ಶರಣಾಗು, ಎಲ್ಲ ಪಾಪಗಳಿಂದ ಬಿಡಿಸುತ್ತೇನೆ” ಅನ್ನುವುದೂ ಅದೇ ದಾರಿ. ಶ್ರುತಿಯವರ ಹಿಂದೂ ಹುಡುಗ ಯಾವ ದಾರಿಯವನು ಎಂದು ಮೂಲದಲ್ಲಿ ಇದೆಯೇ?

ಶ್ರುತಿ

ಇಲ್ಲ ಸರ್, ಬರೀ ‘ಹಿಂದೂ’ ಎಂದಿದೆ. ಅವನು ದೇವಸ್ಥಾನದಲ್ಲಿ ಕೈಮುಗಿದು ಅಳುತ್ತಾನೆ. ಹಾಗಾಗಿ ಭಕ್ತಿಯ ದಾರಿ ಎಂದುಕೊಂಡಿದ್ದೇನೆ. ಸದ್ಯಕ್ಕೆ ಹೀಗೆ ಬದಲಿಸಿದ್ದೇನೆ:

“ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿದ. ವಿಮೋಚನೆ ಪಡೆದು, ಹಣ ಮುಟ್ಟಿಸಿದ.”

“ಹಣ ವಾಪಸ್ ಕೊಟ್ಟ. ಇನ್ನು ಕದಿಯುವುದಿಲ್ಲ ಎಂದು ಅಲ್ಲಾಹನ ಮುಂದೆ ತೌಬಾ ಮಾಡಿದ.”

“ಹಣ ಹಿಂದಿರುಗಿಸಿದ. ತಪ್ಪುಕಾಣಿಕೆ ಹಾಕಿ ದೇವರಿಗೆ ಶರಣಾದ.”

‘ಕೃಪೆ’ಯನ್ನು ಮೂರರಲ್ಲೂ ಬಿಟ್ಟಿದ್ದೇನೆ. ಅದು ಸರಿಯೇ?

ರೋನಿ

ನನ್ನ ಮಟ್ಟಿಗೆ ಸರಿಯಲ್ಲ ಶ್ರುತಿಯವರೇ. ಹುಡುಗನಿಗೆ ಮನಸ್ಸು ಚುಚ್ಚಿದ್ದೇ ದೇವರ ವರಪ್ರಸಾದದಿಂದ, ಅಂದರೆ ಕೃಪೆಯಿಂದ ಎಂಬುದು ನಮ್ಮ ನಂಬಿಕೆ. ಅದು ಕೊನೆಯಲ್ಲಿ ಸಿಗುವ ಬಹುಮಾನವಲ್ಲ, ಶುರುವಿನಲ್ಲೇ ಇರುವುದು. ಪ್ರಾಟೆಸ್ಟೆಂಟ್ ಗೆಳೆಯರು ಇದನ್ನು ಇನ್ನೂ ಒತ್ತಿ ಹೇಳುತ್ತಾರೆ.

ರುಕ್ಸಾನಾ

ನಮ್ಮಲ್ಲೂ ಅಲ್ಲಾಹನ ಹೆಸರುಗಳಲ್ಲಿ ಅತ್ತವ್ವಾಬ್ ಒಂದು. ಅದಕ್ಕೂ ತೌಬಾಕ್ಕೂ ಬೇರು ಒಂದೇ, ಅವನೂ ದಾಸನ ಕಡೆಗೆ ತಿರುಗುತ್ತಾನೆ. ಆದರೂ ‘ಕೃಪೆ’ಗಿಂತ ‘ಕರುಣೆ’ ಎಂದರೆ ನನಗೆ ಹತ್ತಿರ. ರಹಮತ್ ಎಂದೇ ಬರೆದರೂ ಮಕ್ಕಳಿಗೆ ಅರ್ಥವಾಗುತ್ತದೆ.

ವೆಂಕಟೇಶ

ಶರಣಾಗುವುದಕ್ಕೂ ಮನುಷ್ಯನ ಪ್ರಯತ್ನ ಬೇಕೇ, ಇಲ್ಲ ಅದೂ ದೇವರದೇ ಕೆಲಸವೇ ಎಂಬುದರ ಮೇಲೆ ಶ್ರೀವೈಷ್ಣವರಲ್ಲಿ ವಡಗಲೈ, ತೆಂಗಲೈ ಎಂದು ಎರಡು ಪಂಥಗಳು ಇಂದಿಗೂ ಬೇರೆಬೇರೆಯಾಗಿಯೇ ಇವೆ. ‘ಕೃಪೆ’ಯನ್ನು ವಾಕ್ಯದ ಕೊನೆಗೆ ಹಾಕಿದರೆ ಒಂದು ಅರ್ಥ, ಮೊದಲಿಗೆ ಹಾಕಿದರೆ ಇನ್ನೊಂದು. ಮೂಲ ಲೇಖಕರನ್ನೇ ಕೇಳಿ ನೋಡಿ.