ಹಾಫ್ ಫ್ರೈ: ಅಡಿ ಸೀದು ಹೋಗುತ್ತೆ, ಹಳದಿ ಸುತ್ತ ಹಸಿ ಉಳಿಯುತ್ತೆ, ಯಾಕೆ?

ಬಾಗಲಕೋಟೆ ಅಕ್ಕ: ಕಾಕಾ, ಬೆಳಿಗ್ಗೆ ರೊಟ್ಟಿ ಇಳಿಸಿ ಅದೇ ಹಂಚಿನಲ್ಲಿ ಮಕ್ಕಳಿಗೆ ಹಾಫ್ ಫ್ರೈ ಹಾಕುತ್ತೇನೆ. ಅಂಚು ಕರ್ರಗೆ ಆಗುತ್ತೆ, ಹಳದಿ ಸುತ್ತ ಮಾತ್ರ ಲೋಳೆ ಲೋಳೆ. ಮಗ ಮುಟ್ಟುವುದೇ ಇಲ್ಲ. ಏನು ಮಾಡಲಿ?

ಕುಕ್ ಕಾಕಾ, ಬೆಳಗಾವಿ: ತತ್ತಿ ಸರಿ ಇದೆ ಅಕ್ಕಾರೇ, ತೊಂದರೆ ಹಂಚಿನದು. ರೊಟ್ಟಿ ಹಂಚು ನಡುವೆ ತಗ್ಗಾಗಿರುತ್ತೆ. ಒಡೆದು ಹಾಕಿದ ಬಿಳಿ ಎಲ್ಲ ಅಲ್ಲಿಗೇ ಇಳಿದು ಹಳದಿ ಸುತ್ತ ದಪ್ಪಗೆ ನಿಲ್ಲುತ್ತೆ. ಚಪ್ಪಟೆ ಪ್ಯಾನ್ ಆಗಿದ್ದರೆ ತೆಳ್ಳಗೆ ಹರಡಿ ಬೇಗ ಗಟ್ಟಿಯಾಗುತ್ತಿತ್ತು. ಮೇಲಾಗಿ ನೀವು ರೊಟ್ಟಿ ಇಳಿಸಿದ ಕೂಡಲೇ ಹಾಕುತ್ತೀರಿ. ಜೋಳದ ರೊಟ್ಟಿ ಬೇಯುವ ಬಿಸಿ ತತ್ತಿಗೆ ತೀರಾ ಜಾಸ್ತಿ. ದಪ್ಪ ಕಬ್ಬಿಣ ಬೇರೆ, ಒಲೆ ಸಣ್ಣ ಮಾಡಿದರೂ ಅದು ಬೇಗ ಆರುವುದಿಲ್ಲ.

ಇನ್ನೊಂದು ವಿಷಯ. ಬಿಳಿ 62 ಡಿಗ್ರಿ ಹತ್ತಿರ ಹೆಪ್ಪುಗಟ್ಟಲು ಶುರುವಾಗುತ್ತೆ, ಆದರೆ ಪೂರ್ತಿ ಗಟ್ಟಿಯಾಗಲು 80ರ ಹತ್ತಿರ ಬೇಕು. ಹಳದಿ 70ರ ಆಸುಪಾಸಿನಲ್ಲೇ ಹರಿಯುವುದು ನಿಲ್ಲಿಸಿಬಿಡುತ್ತೆ. ಬಿಳಿಗೆ ಜಾಸ್ತಿ ಬಿಸಿ ಬೇಕು, ಹಳದಿಗೆ ಕಡಿಮೆ ಸಾಕು, ಎರಡೂ ಇರುವುದು ಒಂದೇ ಹಂಚಿನಲ್ಲಿ. ಬರೀ ಕೆಳಗಿನ ಉರಿಯಿಂದ ಆ ದಪ್ಪ ಬಿಳಿಯನ್ನು ಬೇಯಿಸಲು ಹೋದರೆ ಅಡಿ ಸೀಯುವುದೇ. ಮೇಲಿನಿಂದಲೂ ಬಿಸಿ ಕೊಡಬೇಕು. ಮುಚ್ಚಳ ಇರುವುದು ಅದಕ್ಕೇ.

ನಾಳೆ ಹೀಗೆ ಮಾಡಿ. ರೊಟ್ಟಿ ಮುಗಿದ ಮೇಲೆ ಹಂಚನ್ನು ಒಲೆಯಿಂದ ಇಳಿಸಿ ನಾಲ್ಕೈದು ನಿಮಿಷ ಬಿಡಿ. ಜೋಳದ ಹಿಟ್ಟು ಉಳಿದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಸೀದು ಕಪ್ಪಾಗುವುದರಲ್ಲಿ ಅದರದೂ ಪಾಲಿದೆ. ತತ್ತಿಯನ್ನು ಮೊದಲೇ ವಾಟಿಗೆ ಒಡೆದು ಇಟ್ಟುಕೊಳ್ಳಿ. ಹಂಚನ್ನು ಸಣ್ಣ ಉರಿಗೆ ಇಟ್ಟು ಎರಡು ಚಹಾ ಚಮಚ ಎಣ್ಣೆ ಹಾಕಿ. ಬಿಳಿಯ ಒಂದು ಹನಿ ಬಿಟ್ಟು ನೋಡಿ. ಚಟಪಟ ಅಂತ ಉಬ್ಬಿ ಕಂದಾದರೆ ಇನ್ನೂ ಆರಬೇಕು. ಸುಮ್ಮನೆ ಬಿದ್ದಿದ್ದರೆ ಬಿಸಿ ಸಾಲದು. ಸಣ್ಣಗೆ ಸದ್ದು ಮಾಡಿ ಮೆಲ್ಲಗೆ ಬೆಳ್ಳಗಾದರೆ ಸರಿ.

ವಾಟಿಯನ್ನು ಹಂಚಿನ ಹತ್ತಿರ ತಂದು ಮೆಲ್ಲಗೆ ಬಿಡಿ. ಮುಕ್ಕಾಲು ನಿಮಿಷದಲ್ಲಿ ಅಂಚು ಬೆಳ್ಳಗಾಗುತ್ತೆ. ಆಗ ಚಮಚದ ತುದಿಯಿಂದ ಹಳದಿ ಪಕ್ಕದ ದಪ್ಪ ಬಿಳಿಯನ್ನು ಎರಡು ಮೂರು ಕಡೆ ಸೀಳಿ, ಹಸಿ ಬಿಳಿ ಹೊರಗೆ ಹರಿಯಲಿ. ಹಳದಿಗೆ ತಾಗಿಸಬೇಡಿ. ತತ್ತಿಯ ಪಕ್ಕದಲ್ಲಿ ಒಂದು ಚಹಾ ಚಮಚ ನೀರು ಬಿಟ್ಟು ತಕ್ಷಣ ಮುಚ್ಚಿ. ಒಂದು ನಿಮಿಷಕ್ಕೆ ತೆಗೆದು ಹಂಚು ಅಲ್ಲಾಡಿಸಿ. ಬಿಳಿಯೂ ನಡುಗಿದರೆ ಇನ್ನರ್ಧ ನಿಮಿಷ ಮುಚ್ಚಿ. ಹಳದಿ ಮಾತ್ರ ನಡುಗಿದರೆ ಕೂಡಲೇ ತಾಟಿಗೆ ತೆಗೆಯಿರಿ, ಹಂಚಿನಲ್ಲೇ ಬಿಟ್ಟರೆ ಬೇಯುತ್ತಲೇ ಇರುತ್ತೆ.

ವಿಜಯಪುರ ಹಾಸ್ಟೆಲ್: ಕಾಕಾ, ಎಷ್ಟು ನಿಮಿಷ ಇಡಬೇಕು?

ಕುಕ್ ಕಾಕಾ: ಮೇಲೆ ಬರೆದಿದ್ದೇನೆ.

ಗೋಕಾಕ ಅಣ್ಣ: ಅಷ್ಟೆಲ್ಲ ಬೇಕಾಗಿಲ್ಲ. ನೀರಿನ ಹನಿ ಹಾಕಿ, ಗೋಲಿ ಹಾಗೆ ಉರುಳಾಡಿದರೆ ಪ್ಯಾನ್ ರೆಡಿ. ತತ್ತಿ ಅಂಟುವುದೇ ಇಲ್ಲ. ನಮ್ಮ ಸ್ಟೀಲ್ ಪ್ಯಾನ್‌ನಲ್ಲಿ ದಿನಾ ಮಾಡುತ್ತೇನೆ.

ಕುಕ್ ಕಾಕಾ: ಅಂಟುವುದಿಲ್ಲ, ಅಷ್ಟು ನಿಜ. ಆದರೆ ಹನಿ ಉರುಳಾಡುವಾಗ ಪ್ಯಾನ್ ತತ್ತಿಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತೆ. ಸ್ಟೀಲ್ ಆದರೆ ಅಷ್ಟು ಕಾಯಿಸಿ, ಉರಿ ಇಳಿಸಿ ಸ್ವಲ್ಪ ಆರಲು ಬಿಟ್ಟು, ಎಣ್ಣೆ ಹಾಕಿ ಆಮೇಲೆ ತತ್ತಿ. ನಾನ್‌ಸ್ಟಿಕ್‌ಗೆ ಈ ಪರೀಕ್ಷೆ ಮಾಡಲೇಬೇಡಿ. ಖಾಲಿ ಕಾಯಿಸಿದರೆ ಲೇಪ ಹಾಳು.

ಗೋಕಾಕ ಅಣ್ಣ: ನಮ್ಮ ಮನೆಯಲ್ಲಿ ಯಾವತ್ತೂ ಸೀದಿಲ್ಲ.

ಟಿಳಕವಾಡಿ ತಂಗಿ: ಅಣ್ಣಾರೇ, ನೀವು ಹಾಕಿದ ಫೋಟೋದಲ್ಲಿ ಅಂಚು ಕಂದೇ ಇದೆಯಲ್ವಾ?

ಗೋಕಾಕ ಅಣ್ಣ: ಅದು ಕರುಂ ಕುರುಂ ಅನ್ನಲಿ ಅಂತ ಬೇಕಂತಲೇ ಬಿಟ್ಟದ್ದು. ರುಚಿ ಗೊತ್ತಿದ್ದವರಿಗೆ ಗೊತ್ತು.

ಜಮಖಂಡಿ ಅವ್ವ: ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಏಳು ತಿಂಗಳು. ಹಳದಿ ಹರಿಯುವ ಹಾಗೆಯೇ ಬೇಕು ಅಂತ ಹಟ. ಕೊಡಬಹುದಾ?

ಚಿಕ್ಕೋಡಿ ಮಾಮಾ: ಫಾರ್ವರ್ಡ್: ಹಸಿ ತತ್ತಿಗೆ ಅರ್ಧ ಲಿಂಬೆಹಣ್ಣು ಹಿಂಡಿದರೆ ಎಲ್ಲ ಕ್ರಿಮಿ ಸಾಯುತ್ತವೆ, ಗರ್ಭಿಣಿಯರಿಗೆ ಶಕ್ತಿ. ಎಲ್ಲರಿಗೂ ಕಳಿಸಿ.

ಕುಕ್ ಕಾಕಾ: ಅವ್ವಾರೇ, ಕೊಡಬೇಡಿ. ಹಸಿ ಹಳದಿಯಲ್ಲಿ ಸಾಲ್ಮೊನೆಲ್ಲಾ ಇರಬಹುದು. ತತ್ತಿ ತಾಜಾ ಇದ್ದರೂ, ಚಿಪ್ಪು ತೊಳೆದರೂ ಒಳಗೆ ಇಲ್ಲ ಅಂತ ಹೇಳಲಾಗದು. ಬಸುರಿಯರಿಗೆ, ಸಣ್ಣ ಮಕ್ಕಳಿಗೆ, ವಯಸ್ಸಾದವರಿಗೆ ಹಳದಿ ಪೂರ್ತಿ ಗಟ್ಟಿಯಾಗಲೇಬೇಕು. ಮಗುಚಿ ಹಾಕಿ, ಹಳದಿ ಒಡೆದು ಒತ್ತಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಡಿ. ಕತ್ತರಿಸಿ ನೋಡಿ, ನಡುವೆ ಹೊಳೆಯುವ ಹಸಿ ಭಾಗ ಕಂಡರೆ ಮತ್ತೆ ಹಂಚಿಗೆ ಹಾಕಿ. ಈಗಾಗಲೇ ತಿಂದಿದ್ದು ಜ್ವರ, ಭೇದಿ ಏನಾದರೂ ಇದ್ದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಬಾಗಲಕೋಟೆ ಅಕ್ಕಾರೇ, ನಿಮ್ಮ ಮಗನಿಗೆ ಐದು ವರ್ಷದ ಒಳಗಿದ್ದರೆ ನಿಮಗೂ ಇದೇ ಮಾತು.

ಮಾಮಾ, ಲಿಂಬೆಹಣ್ಣು ರುಚಿಗೆ. ಕ್ರಿಮಿ ಸಾಯುವುದು ಬಿಸಿಗೆ. ಬಸುರಿ ಹೆಣ್ಣುಮಗಳ ಪ್ರಶ್ನೆಯ ಕೆಳಗೆ ಇಂಥದ್ದು ಹಾಕಬೇಡಿ.

ಚಿಕ್ಕೋಡಿ ಮಾಮಾ: ನಮ್ಮ ತಾಲೀಮಿನಲ್ಲಿ ಪೈಲ್ವಾನರು ಹಸಿ ತತ್ತಿ ಕುಡಿದೇ ಬೆಳೆದರು. ಯಾರಿಗೆ ಏನಾಯಿತು?

ಟಿಳಕವಾಡಿ ತಂಗಿ: ಪೈಲ್ವಾನರು ಬಸುರಿ ಇದ್ದರಾ ಮಾಮಾ?

ಚಿಕ್ಕೋಡಿ ಮಾಮಾ: ದೊಡ್ಡವರ ಜೊತೆ ಹೇಗೆ ಮಾತಾಡಬೇಕು ಅಂತ ಮೊದಲು ಕಲಿ.

ವಿಜಯಪುರ ಹಾಸ್ಟೆಲ್: ಜಗಳ ಸಾಕು. ಕಾಕಾ, ಓವರ್ ಈಸಿ ಮಾಡುವಾಗ ಪ್ರತಿ ಸಲ ಹಳದಿ ಒಡೆಯುತ್ತೆ. ಇಂಡಕ್ಷನ್ ಇದೆ, ಸಣ್ಣ ನಾನ್‌ಸ್ಟಿಕ್ ಪ್ಯಾನ್.

ಕುಕ್ ಕಾಕಾ: ಬೇಗ ಮಗುಚುತ್ತೀರಿ. ಹಳದಿ ಸುತ್ತ ಬಿಳಿ ಗಟ್ಟಿಯಾಗುವ ತನಕ ಕಾಯಿರಿ, ಇಲ್ಲದಿದ್ದರೆ ಹಳದಿಯನ್ನು ಹಿಡಿಯಲು ಏನೂ ಇರುವುದಿಲ್ಲ. ಪ್ಯಾನ್ ಅಲ್ಲಾಡಿಸಿದಾಗ ತತ್ತಿ ಪೂರ್ತಿ ಜಾರಬೇಕು. ಚಮಚವನ್ನು ನೇರ ಹಳದಿ ಕೆಳಗೆ ತೂರಿಸಿ, ಎತ್ತದೆ ಪ್ಯಾನ್ ಅಂಚಿನ ಕಡೆಗೆ ಹೊರಳಿಸಿ. ಎತ್ತಿ ಹಾಕಿದರೆ ಬಿದ್ದ ಪೆಟ್ಟಿಗೇ ಒಡೆಯುತ್ತೆ. ಹೊರಳಿಸಿದ ಕೂಡಲೇ ಇಂಡಕ್ಷನ್ ಆಫ್. ಇಪ್ಪತ್ತು ಸೆಕೆಂಡಿಗೆ ತಾಟಿಗೆ. ಇದಕ್ಕೆ ಮುಚ್ಚಳ ಬೇಡ.

ತತ್ತಿ ಹಳೆಯದಾದರೆ ಬಿಳಿ ನೀರಾಗಿ ಹರಡುತ್ತೆ, ಹಳದಿಯ ಪೊರೆಯೂ ಸಡಿಲ. ಹೊರಳಿಸಲು ತಾಜಾ ತತ್ತಿಯೇ ಬೇಕು.

ಮುಧೋಳ ಕಾಕಿ: ಬಾತುಕೋಳಿ ತತ್ತಿಗೂ ಇದೇ ಲೆಕ್ಕವಾ?

ಗೋಕಾಕ ಅಣ್ಣ: ನಾನ್‌ಸ್ಟಿಕ್ ವಿಷ. ಎಲ್ಲರೂ ಬಿಸಾಡಿ.

ವಿಜಯಪುರ ಹಾಸ್ಟೆಲ್: ಬಿಸಾಡುತ್ತೇನೆ, ಸ್ಟೀಲ್ ಪ್ಯಾನ್ ನೀವು ಕೊಡಿಸುತ್ತೀರಾ?

ಬಾಗಲಕೋಟೆ ಅಕ್ಕ: ಕಾಕಾ, ಇವತ್ತು ಮಾಡಿದೆ. ಅಡಿ ಸೀಯಲಿಲ್ಲ, ಲೋಳೆಯೂ ಇಲ್ಲ. ಆದರೆ ಹಳದಿ ಮೇಲೆ ಬಿಳಿ ಪೊರೆ ಬಂತು. ಹೋಟೆಲಿನಲ್ಲಿ ಹಳದಿ ಹೊಳೆಯುತ್ತಲ್ವಾ? ಮಗನಿಗೆ ಆರು ವರ್ಷ.

ಕುಕ್ ಕಾಕಾ: ಆ ಪೊರೆ ಆವಿಯದು. ಹಳದಿ ಮೇಲೂ ತೆಳ್ಳಗೆ ಬಿಳಿ ಇರುತ್ತೆ, ಮುಚ್ಚಿದಾಗ ಅದು ಬೇಯುತ್ತೆ. ಹೊಳೆಯಬೇಕು ಅಂದರೆ ಮುಚ್ಚಬೇಡಿ, ಎಣ್ಣೆ ಒಂದು ದೊಡ್ಡ ಚಮಚಕ್ಕೆ ಏರಿಸಿ, ಹಂಚು ಓರೆ ಮಾಡಿ, ಬಿಸಿ ಎಣ್ಣೆಯನ್ನು ಹಳದಿ ಬಿಟ್ಟು ಬಿಳಿ ಮೇಲೆ ಮಾತ್ರ ಸುರಿಯುತ್ತಾ ಇರಿ. ನಾವು ಹೋಟೆಲಿನಲ್ಲಿ ಮಾಡುವುದು ಅದನ್ನೇ. ಮನೆಯ ಮಗುವಿಗೆ ಪೊರೆ ಇದ್ದರೇ ಒಳ್ಳೆಯದು, ಎಣ್ಣೆಯೂ ಕಡಿಮೆ.

ಚಿಕ್ಕೋಡಿ ಮಾಮಾ: ಫಾರ್ವರ್ಡ್: ತತ್ತಿ ತಿಂದ ಮೇಲೆ ಬಾಳೆಹಣ್ಣು ತಿಂದರೆ ಪ್ರಾಣಕ್ಕೆ ಅಪಾಯ.

ಕುಕ್ ಕಾಕಾ: ಮಾಮಾ, ಇದು ಸುಳ್ಳು. ದಯವಿಟ್ಟು ಅಳಿಸಿ. ನನಗೆ ಬೆಳಿಗ್ಗೆ ಐದಕ್ಕೆ ಡ್ಯೂಟಿ ಇದೆ, ಇವತ್ತಿಗೆ ಇಷ್ಟೇ.

ನಿಪ್ಪಾಣಿ ತಮ್ಮ: ಈಗ ಬಂದೆ. ಹಾಫ್ ಫ್ರೈಗೆ ಎಷ್ಟು ನಿಮಿಷ ಕಾಕಾ?

ಟಿಳಕವಾಡಿ ತಂಗಿ: ಮೇಲೆ ಓದಪ್ಪಾ.