ಸಹಾಯ ಬೇಕು: ಅವ್ವನಿಗೆ ಎಂಆರ್‌ಐ ಮಷೀನ್ ಅಂದ್ರೆ ಭಯ (ಕಲಬುರಗಿ)

ಅವ್ವನಿಗೆ ಸೊಂಟದ ಎಂಆರ್‌ಐ ಆಗಬೇಕು. ಹೋದ ವಾರ ಮಷೀನ್ ಒಳಗೆ ಹೋಗುತ್ತಿದ್ದಂತೆ ಉಸಿರು ಕಟ್ಟಿದಂತಾಗಿ, ಕೈಯಲ್ಲಿದ್ದ ರಬ್ಬರ್ ಬಲ್ಬ್ ಒತ್ತಿ ಹೊರಗೆ ಬಂದುಬಿಟ್ಟಳು. ಕೊಳವೆ ಎರಡೂ ಕಡೆ ತೆರೆದೇ ಇರುತ್ತದೆ, ಗಾಳಿ ಕಡಿಮೆಯಾಗುವುದಿಲ್ಲ. ಗಾಬರಿಯಲ್ಲಿ ಜೋರಾಗಿ ಉಸಿರಾಡಿದ್ದಕ್ಕೇ ತಲೆ ತಿರುಗಿ ಬೆರಳು ಜುಮ್ಮೆಂದದ್ದು, ಅಲ್ವಾ?

ಈಗ ಮನೆಯಲ್ಲಿ ಅಭ್ಯಾಸ ಮಾಡಿಸುತ್ತಿದ್ದೇನೆ. ಕಣ್ಣಿಗೆ ಬಟ್ಟೆ ಹಾಕಿಕೊಂಡು ಅಂಗಾತ ಮಲಗುತ್ತಾಳೆ. 4 ಎಣಿಸುತ್ತಾ ಮೂಗಿನಿಂದ ಹಗುರವಾಗಿ ಉಸಿರು ಎಳೆದು, 6 ಎಣಿಸುತ್ತಾ ಬಿಡುತ್ತಾಳೆ. ತುಂಬಾ ಆಳವಾಗಿ ಎಳೆದರೆ ಮೈ ಅಲುಗಿ ಚಿತ್ರ ಮಸುಕಾಗಬಹುದು.

ಪ್ರತಿ ಸಲ ಸದ್ದು ಶುರುವಾಗುವ ಮುಂಚೆ ಮೈಕಿನಲ್ಲಿ "ಅವ್ವಾ, ಈಗ 4 ನಿಮಿಷ ಸದ್ದು ಬರ್ತದ, ಅಲುಗಬ್ಯಾಡ್ರಿ" ಎಂದು ಹೇಳುವ ಟೆಕ್ನಿಷಿಯನ್ ಕಲಬುರಗಿಯಲ್ಲಿ ಎಲ್ಲಿದ್ದಾರೆ? ಕಾಲು ಮುಂದಾಗಿ ಒಳಗೆ ಕಳಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಲು ಬಿಡುತ್ತಾರಾ? ಮಾಡಿಸಿದವರು ದಯವಿಟ್ಟು ತಿಳಿಸಿ.